ನಡೆದದ್ದು ನಿಜ, ನೆನಪು ಮಾತ್ರ ಇಲ್ಲ



ಅಷ್ಟೂರದ ಒಬ್ಬ ತರುಣ ಬೀದರಿನಲ್ಲಿ ಗೆಳೆಯನ ಮದುವೆಗೆ ಹೋದನೆಂದು ಇಟ್ಟುಕೊಳ್ಳೋಣ. ಖಾಲಿ ಹೊಟ್ಟೆಯಲ್ಲಿ, ಒಂದೇ ಗಂಟೆಯೊಳಗೆ ಒಂದೂವರೆ ಕ್ವಾರ್ಟರ್ ವಿಸ್ಕಿ ಕುಡಿದ. ಆಮೇಲೆ ಹಾಡಿದ, ಜಗಳ ಬಿಡಿಸಿದ, ಬಹಮನಿ ಸುಲ್ತಾನರ ಗೋರಿಗಳನ್ನು ದಾಟಿ ಗೆಳೆಯರೊಡನೆ ನಡೆದೇ ಮನೆ ಸೇರಿದ. ಬೆಳಿಗ್ಗೆ ಕೇಳಿದರೆ, ಊಟಕ್ಕೆ ಕುಳಿತದ್ದೂ ನೆನಪಿಲ್ಲ! ಅವನು ಸುಳ್ಳು ಹೇಳುತ್ತಿದ್ದಾನೆಯೇ? ಅಲ್ಲ. ಅವನು ಎಚ್ಚರ ತಪ್ಪಿರಲೂ ಇಲ್ಲ. ಹಾಗಾದರೆ ಆದದ್ದೇನು?

ನಡೆಯುವುದು, ಮಾತಾಡುವುದು ನಾವು ಬಾಲ್ಯದಿಂದ ರೂಢಿಸಿಕೊಂಡ ಕೆಲಸಗಳು. ಮಿದುಳಿನಲ್ಲಿ ಅವಕ್ಕೆ ಬೇರೆ ಬೇರೆ ಭಾಗಗಳಿವೆ. ಈಗ ಕೇಳಿದ ಮಾತನ್ನು ಉತ್ತರಿಸುವಷ್ಟು ಹೊತ್ತು ಹಿಡಿದಿಡುವುದಕ್ಕೂ ಬೇರೆ ವ್ಯವಸ್ಥೆಯಿದೆ. ಆದರೆ ಇಂದಿನ ಘಟನೆಯನ್ನು ನಾಳೆಗೆ ಉಳಿಸಲು ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗ ಬೇಕೇ ಬೇಕು. ಅಲ್ಲಿ ನರಕೋಶಗಳ ನಡುವಿನ ಸಂಪರ್ಕ ಬಲಗೊಂಡರೆ ನೆನಪು ನಿಲ್ಲುತ್ತದೆ. ಮದ್ಯಸಾರವು ಈ ಕೆಲಸ ಮಾಡಿಸುವ ಗ್ರಾಹಕಗಳನ್ನು ತಡೆಯುತ್ತದೆ. ಕೋಶಗಳನ್ನು ಸುಮ್ಮನಾಗಿಸುವ ಸಂಕೇತಗಳನ್ನು ಹೆಚ್ಚಿಸುತ್ತದೆ. ಗುಮಾಸ್ತ ದಫ್ತರವನ್ನು ಬರೆಯುವುದನ್ನೇ ನಿಲ್ಲಿಸಿದಂತೆ! ಬರೆಯದ ಪುಟವನ್ನು ಮರುದಿನ ಓದುವುದು ಹೇಗೆ? ಆದ್ದರಿಂದ ಪೂರ್ತಿ ಅಳಿದುಹೋದ ಅವಧಿಯನ್ನು ಎಷ್ಟು ನೆನಪಿಸಿದರೂ ಅದು ಮರಳುವುದಿಲ್ಲ. ಕೆಲವೊಮ್ಮೆ ಮಾತ್ರ ತುಣುಕುಗಳು ದಾಖಲಾಗಿರುತ್ತವೆ; ಯಾರಾದರೂ ಸುಳಿವು ಕೊಟ್ಟಾಗ ಅವು ಹೊಳೆಯಬಹುದು.

ಅಮೆರಿಕದ ವೈದ್ಯ ಡೊನಾಲ್ಡ್ ಗುಡ್‌ವಿನ್ ಮತ್ತು ಸಂಗಡಿಗರು 1970ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಕುಡಿದವರಿಗೆ ಮನಸ್ಸಿಗೆ ನಾಟುವಂಥ ವಸ್ತುಗಳನ್ನು ತೋರಿಸಿದರು. 2 ನಿಮಿಷದ ನಂತರ ಅವರು ಹೇಳಬಲ್ಲವರಾಗಿದ್ದರು. ಆದರೆ ನೆನಪು ತಪ್ಪುವವರಿಗೆ 30 ನಿಮಿಷ ಕಳೆದರೆ ಅದು ಮಾಯವಾಗಿತ್ತು, ಮರುದಿನವೂ ಮರಳಲಿಲ್ಲ.

ಇನ್ನು ಪ್ರಮಾಣದ ಲೆಕ್ಕ. 180 ಮಿಲಿಲೀಟರಿನ ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿದೆ. ಒಂದೂವರೆಯೆಂದರೆ 90 ಗ್ರಾಂ. ಯಕೃತ್ತು ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ ಮಾತ್ರ. 60 ಕಿಲೋ ತೂಕದ ನಮ್ಮ ತರುಣನ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ ಮದ್ಯಸಾರ ಸುಮಾರು 200 ಮಿಲಿಗ್ರಾಂ ಏರಬಹುದು. ಸಾಮಾನ್ಯವಾಗಿ 160ರ ಸುಮಾರಿನಿಂದಲೇ ಈ ಮರೆವು ಆರಂಭವಾಗುತ್ತದೆ. ಒಟ್ಟು ಪ್ರಮಾಣದಷ್ಟೇ ಏರಿಕೆಯ ವೇಗವೂ ಮುಖ್ಯ. ಹೊಟ್ಟೆ ಖಾಲಿಯಿದ್ದು ಗಟಗಟನೆ ಕುಡಿದರೆ ಅಪಾಯ ಹೆಚ್ಚು.

ನೋಡುವವರಿಗೆ ಇದು ತಿಳಿಯುವುದೇ ಕಷ್ಟ. ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುವುದು, ಅರ್ಧ ಗಂಟೆಯ ಹಿಂದಿನದನ್ನು ಹೇಳಲಾಗದಿರುವುದು ಸುಳಿವುಗಳು. ಅಂಥವನು ಸರಿಯಾಗಿ ಉತ್ತರಿಸುತ್ತಾನೆಂದು ಗಾಡಿಯ ಕೀಲಿ ಕೊಡಬೇಡಿ. ಅವನ ವಿವೇಕವೂ ಮಬ್ಬಾಗಿರುತ್ತದೆ. ಇದು ಎಚ್ಚರ ತಪ್ಪುವುದಲ್ಲವೆಂದೆ. ಆದರೆ ಅವನು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೇ 108ಕ್ಕೆ ಕರೆ ಮಾಡಿ.