ಅತಿಥಿ ಪ್ರಾಧ್ಯಾಪಕರ ಪರಿಚಯ: ಬಯೋಡೇಟಾ ಬಿಡಿ, ಪ್ರಾಜೆಕ್ಟ್ ಹಿಡಿಯಿರಿ

ವಿಭಾಗದ ಸೆಮಿನಾರಿಗೆ ಹೊರಗಿನಿಂದ ಪ್ರಾಧ್ಯಾಪಕರು ಬರುತ್ತಿದ್ದಾರೆ, ಪರಿಚಯ ಮಾಡಿಕೊಡೋದು ನಿಮ್ಮ ಪಾಲಿಗೆ ಬಂದಿದೆ. ಅವರ ಪದವಿ, ಪ್ರಶಸ್ತಿ, ಪ್ರಬಂಧಗಳ ಸಂಖ್ಯೆ ಎಲ್ಲ ಪೋಸ್ಟರಿನಲ್ಲೇ ಇರುತ್ತೆ. ಅದನ್ನೇ ಓದಿದರೆ ಹಿಂದಿನ ಬೆಂಚಿನವರಿಗೆ ಈ ಉಪನ್ಯಾಸ ತಮಗ್ಯಾಕೆ ಅಂತ ಗೊತ್ತಾಗಲ್ಲ. ಅದನ್ನು ತಿಳಿಸೋಕೆ ನಿಮ್ಮ ವಿಭಾಗದ್ದೇ ಒಂದು ಪ್ರಾಜೆಕ್ಟ್ ಸಾಕು.

ಒಂದು ಉದಾಹರಣೆ ನೋಡೋಣ. ಅತಿಥಿ ಅಂತರ್ಜಲದ ರಸಾಯನಶಾಸ್ತ್ರದವರು ಅಂದುಕೊಳ್ಳಿ. ನಿಮ್ಮ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬರು ಪಾವಗಡದ ಕಡೆ ಕೊಳವೆಬಾವಿಗಳ ಫ್ಲೋರೈಡ್ ಅಳೆಯುತ್ತಿದ್ದಾರೆ. ಇಬ್ಬರದೂ ನೀರಿನ ಕೆಲಸ ಅಂದುಬಿಟ್ಟರೆ ಅದು ನಂಟಲ್ಲ. ಅತಿಥಿಯ ಇತ್ತೀಚಿನ ಒಂದು ಪ್ರಬಂಧ ಪೂರ್ತಿ ಓದಿ, ಆಮೇಲೆ ವಿದ್ಯಾರ್ಥಿನಿಯನ್ನು ಕೇಳಿ: ‘ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀಯಮ್ಮ?’ ಅವರು ಹೇಳ್ತಾರೆ: ‘ಪಕ್ಕಪಕ್ಕದ ಎರಡು ಬಾವಿ, ಕೆಳಗೆ ಒಂದೇ ಗ್ರಾನೈಟು. ಒಂದರಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ, ಇನ್ನೊಂದರಲ್ಲಿ 1.5 ದಾಟಿದೆ. ಯಾಕೆ ಅಂತ ಗೊತ್ತಾಗ್ತಿಲ್ಲ ಸಾರ್.’

ಬಾಗಿಲು ತೆರೆಯೋದು ಇಲ್ಲೇ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಫ್ಲೋರೈಟ್ ಖನಿಜವಾಗಿ ಕೆಳಗಿಳಿಸುತ್ತೆ. ಕ್ಯಾಲ್ಸಿಯಂ ಕಡಿಮೆಯಾಗಿ ಬೈಕಾರ್ಬೊನೇಟ್ ಹೆಚ್ಚಿದ್ದರೆ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತೆ. ಅತಿಥಿಯ ಪ್ರಬಂಧ ಇದರ ಬಗ್ಗೆಯೇ ಇದೆ, ವಿದ್ಯಾರ್ಥಿನಿ ಕ್ಯಾಲ್ಸಿಯಂ ಅಳೆದೇ ಇಲ್ಲ ಅನ್ನೋಣ. ಹಾಗಾದರೆ ಪರಿಚಯದ ಮಾತು ಹೀಗಿರಲಿ:

“ಪಾವಗಡದ ಎರಡು ಅಕ್ಕಪಕ್ಕದ ಬಾವಿಗಳಲ್ಲಿ ಫ್ಲೋರೈಡ್ ಬೇರೆಬೇರೆ ಬಂದಿದ್ದು ಯಾಕೆ ಅಂತ ನಮ್ಮ ವಿದ್ಯಾರ್ಥಿನಿಯೊಬ್ಬರು ಹುಡುಕುತ್ತಿದ್ದಾರೆ. ಬಂಡೆಯ ಜೊತೆಗೆ ನೀರಿನಲ್ಲಿರುವ ಕ್ಯಾಲ್ಸಿಯಮ್ಮನ್ನೂ ನೋಡಬೇಕು ಅನ್ನೋದು ಇವತ್ತಿನ ಅತಿಥಿಗಳ ಕೆಲಸದಿಂದ ತಿಳಿಯುತ್ತದೆ. ಅದನ್ನು ಅವರ ಬಾಯಲ್ಲೇ ಕೇಳೋಣ.”

ಒಂದು ನಿಮಿಷವೂ ಆಗಲ್ಲ. ಕ್ಯಾಲ್ಸಿಯಂ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನು ನಾನು ಬೇಕಂತಲೇ ಬಿಟ್ಟೆ. ಅದು ಅವರ ಉಪನ್ಯಾಸ.

ಕೆಡೋದು ಎರಡು ಕಡೆ. ಯಾರಿಗೂ ಬೇಸರವಾಗಬಾರದು ಅಂತ ಐದು ಪ್ರಾಜೆಕ್ಟ್ ಸೇರಿಸ್ತೀವಿ. ಆಗ ಒಂದೂ ನೆನಪಲ್ಲಿ ಉಳಿಯಲ್ಲ. ಉಳಿದವರನ್ನು ಚಹಾ ಹೊತ್ತಿನಲ್ಲಿ ಅತಿಥಿಗೆ ಭೇಟಿ ಮಾಡಿಸಿ. ಎರಡನೆಯದು ಹೆಚ್ಚು ಗಂಭೀರ: ವಿದ್ಯಾರ್ಥಿನಿಯ ಪ್ರಕಟವಾಗದ ಅಂಕಿಅಂಶವನ್ನು ಕೇಳದೇ ಸಭೆಯಲ್ಲಿ ಹೇಳಿಬಿಡೋದು. ಅದು ಆ ಹುಡುಗಿಯ ದುಡಿಮೆ. ಏನು ಹೇಳಬಹುದು, ಹೆಸರು ಹೇಳಬಹುದಾ ಅಂತ ಅವರನ್ನೂ ಅವರ ಗೈಡನ್ನೂ ಮೊದಲೇ ಕೇಳಿ.

ಪರಿಚಯದ ಆ ಸಾಲುಗಳನ್ನು ಎರಡು ದಿನ ಮುಂಚೆ ಅತಿಥಿಗೂ ಕಳಿಸಿ. ಅವರ ಕೆಲಸವನ್ನು ನೀವು ತಪ್ಪಾಗಿ ಹೇಳಿದ್ದರೆ ತಿದ್ದುತ್ತಾರೆ, ಪಾವಗಡದಂಥ ನೀರಿನ ಒಂದು ಸ್ಲೈಡನ್ನೂ ಸೇರಿಸಿಕೊಂಡು ಬರಬಹುದು. ಪ್ರಶ್ನೋತ್ತರ ಶುರುವಾದಾಗ ಮೈಕು ಮೊದಲು ಆ ವಿದ್ಯಾರ್ಥಿನಿಗೇ ಹೋಗಲಿ. ಹಿಂದಿನ ದಿನವೇ ಅವರಿಗೆ ತಿಳಿಸಿರಿ.