ತೆಗೆದ ಪುಟ ‘ಇಲ್ಲ’ ಎಂದೇ ಉತ್ತರಿಸಬೇಕು

ಒಂದು ವಿಶ್ವವಿದ್ಯಾಲಯದ 2017ರ ಪ್ರವೇಶ ಪ್ರಕಟಣೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಶುಲ್ಕ ಬದಲಾಗಿದೆ, ಕೋರ್ಸೇ ನಿಂತಿದೆ. ಆದರೂ ಹುಡುಕಿದವರಿಗೆ ಆ ಪುಟವೇ ಮೊದಲು ಸಿಗುತ್ತದೆ. ಸಿಬ್ಬಂದಿ ಪುಟವನ್ನು ಅಳಿಸಿ, ಅದರ ವಿಳಾಸಕ್ಕೆ ಬಂದವರನ್ನು ಮುಖಪುಟಕ್ಕೆ ಕಳಿಸಿ, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಶುಲ್ಕ ಹುಡುಕಿ ಬಂದ ವಿದ್ಯಾರ್ಥಿ ಮುಖಪುಟದಲ್ಲಿ ದಿಕ್ಕು ತಪ್ಪುತ್ತಾನೆ, ಹುಡುಕುಯಂತ್ರಕ್ಕೂ ಸ್ಪಷ್ಟ ಉತ್ತರ ಸಿಕ್ಕಿರುವುದಿಲ್ಲ. ಪರದೆಯ ಮೇಲೆ ‘ಪುಟ ಲಭ್ಯವಿಲ್ಲ’ ಎಂದು ಬರೆದು ಸರ್ವರ್ ಮಾತ್ರ 200 ಎಂಬ ಸಂಕೇತ ಕಳಿಸಿದರೂ ಇದೇ ಕಥೆ: ಎಲ್ಲವೂ ಸರಿಯಿದೆ ಎಂದೇ ಅದರರ್ಥ. ಮನುಷ್ಯ ಪರದೆಯನ್ನು ಓದುತ್ತಾನೆ; ಯಂತ್ರ ಮೊದಲು ನೋಡುವುದು ಸಂಕೇತವನ್ನು. ಆದ್ದರಿಂದ ಅಳಿಸುವುದು ಅರ್ಧ ಕೆಲಸ, ಸರಿಯಾದ ಸಂಕೇತ ಕೊಡುವುದು ಉಳಿದರ್ಧ ಎಂಬುದು ನನ್ನ ವಾದ. ಆ ಸಂಕೇತ 410: ಇಲ್ಲಿದ್ದದ್ದು ಹೋಗಿದೆ, ಬಹುಶಃ ಮರಳುವುದಿಲ್ಲ. ಅಪಾಚೆ ಸರ್ವರಿನಲ್ಲಿ ಇದಕ್ಕೆ ಒಂದೇ ಸಾಲು ಸಾಕು. ಆ ಹಾದಿಯ ಕೆಳಗಿರುವ ಪಿಡಿಎಫ್‌ಗಳಿಗೂ ಅದು ಅನ್ವಯಿಸುತ್ತದೆ.

```
Redirect gone /admission/2017
```

ಇಲ್ಲಿ ಅತಿ ಹೆಚ್ಚು ಕೆಡುವುದು `robots.txt` ಕಡತದಿಂದ. ಪುಟ ಬೇಡವೆಂದ ಕೂಡಲೇ ಅದೇ ಹಾದಿಯನ್ನು ಆ ಕಡತದಲ್ಲಿ ನಿರ್ಬಂಧಿಸುವ ರೂಢಿ ನಮ್ಮಲ್ಲಿದೆ. ನಿರ್ಬಂಧಿಸಿದ ಮೇಲೆ ಹುಡುಕುಯಂತ್ರ ಆ ವಿಳಾಸವನ್ನು ಕೇಳುವುದೇ ಇಲ್ಲ. ಕೇಳದಿದ್ದರೆ 410 ಅದಕ್ಕೆ ಕಾಣುವುದೂ ಇಲ್ಲ. ಬೇರೆ ತಾಣಗಳ ಕೊಂಡಿಗಳ ಆಧಾರದಲ್ಲಿ ಬರಿಯ ವಿಳಾಸ ಫಲಿತಾಂಶದಲ್ಲಿ ಉಳಿದುಬಿಡಬಹುದು. ಹಾಗಾಗಿ ಬಾಗಿಲು ತೆರೆದಿಟ್ಟೇ ಇಲ್ಲವೆನ್ನಬೇಕು. ಗೂಗಲ್ ಸರ್ಚ್ ಕನ್ಸೋಲಿನ ತೆಗೆಸುವ ಸೌಲಭ್ಯ ಸುಮಾರು 6 ತಿಂಗಳ ಮರೆ ಮಾತ್ರ; ತುರ್ತಿಗೆ ಅದು ಒಳ್ಳೆಯದು, 410ಕ್ಕೆ ಬದಲಿಯಲ್ಲ. ಸಂಕೇತ ಸರಿಯಾಗಿ ಹೋಗುತ್ತಿದೆಯೇ ಎಂದು ತಿಳಿಯಲು `curl -I` ಜೊತೆ ವಿಳಾಸ ಕೊಟ್ಟು ಮೊದಲ ಸಾಲನ್ನು ನೋಡಿ. ಅಲ್ಲಿ ಇನ್ನೂ 200 ಇದ್ದರೆ, ನಡುವಿನ ಕ್ಯಾಶ್ ಹಳೆಯ ಪ್ರತಿಯನ್ನೇ ಕೊಡುತ್ತಿರಬಹುದು.

404 ಸಾಲದೇ ಎಂದು ಕೇಳುವವರಿದ್ದಾರೆ. ಗೂಗಲ್ ಮಟ್ಟಿಗೆ ಎರಡರ ಫಲ ಹೆಚ್ಚುಕಡಿಮೆ ಒಂದೇ ಎಂಬುದನ್ನು ಒಪ್ಪುತ್ತೇನೆ. ಆದರೆ 404 ತಪ್ಪಾಗಿ ಟೈಪಿಸಿದ ವಿಳಾಸಕ್ಕೂ ಬರುತ್ತದೆ. 410 ಬೇಕೆಂದೇ ತೆಗೆದದ್ದನ್ನು ಹೇಳುತ್ತದೆ, ಮುಂದೆ ಲಾಗ್ ಓದುವ ಸಹೋದ್ಯೋಗಿಗೂ ಆ ತೀರ್ಮಾನ ತಿಳಿಯುತ್ತದೆ. ಇದಕ್ಕಿಂತ ಭಾರವಾದ ಆಕ್ಷೇಪ ಟಿಮ್ ಬರ್ನರ್ಸ್-ಲೀ ಅವರದು: ಒಳ್ಳೆಯ ವಿಳಾಸ ಬದಲಾಗಬಾರದೆಂದು ಅವರು 1998ರಲ್ಲೇ ವಾದಿಸಿದ್ದರು. ಅದನ್ನು ನಾನು ಗೌರವಿಸುತ್ತೇನೆ, ಅದರಿಂದಲೇ 410ರ ಮಿತಿಯೂ ತಿಳಿಯುತ್ತದೆ. ಹಳೆಯ ಪುಟದ ಜಾಗಕ್ಕೆ ಅದೇ ವಿಷಯದ ಹೊಸ ಪುಟ ಬಂದಿದ್ದರೆ 301 ಕೊಟ್ಟು ಅಲ್ಲಿಗೇ ಕಳಿಸಬೇಕು. ಪದವಿ ನಿಯಮಾವಳಿಯಂತಹ ದಾಖಲೆಯನ್ನು ಹಿಂದಿನ ವಿದ್ಯಾರ್ಥಿಗಳು ಇಂದಿಗೂ ಕೇಳುತ್ತಾರೆ. ಅದನ್ನು ‘ಈಗ ಜಾರಿಯಲ್ಲಿಲ್ಲ’ ಎಂಬ ಸೂಚನೆಯೊಡನೆ ಹಾಗೆಯೇ ಇಡಬೇಕು. ನಿಂತುಹೋದ ಕೋರ್ಸಿನ ಅರ್ಜಿ ನಮೂನೆಗೆ ಈ ಎರಡೂ ಹಕ್ಕಿಲ್ಲ. ಅದರ ಪ್ರತಿ ಕಚೇರಿಯ ದಾಖಲೆ ಕೋಣೆಯಲ್ಲಿರಲಿ, ಸಾರ್ವಜನಿಕ ವಿಳಾಸ 410 ಎನ್ನಲಿ.