ಪಾರ್ಟಿಯಲ್ಲಿ ಲೆಕ್ಕ ತಪ್ಪೋದು ಎಲ್ಲಿ? ಬ್ರಿಟನ್‌ಗೆ ಹೊರಟ ಮಗನಿಗೆ ಅಪ್ಪನ ಪತ್ರ

ಸೆಪ್ಟೆಂಬರ್ ಬಂತು ಅಂದ್ರೆ ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಓದೋಕೆ ಅಂತ ಬ್ರಿಟನ್ ವಿಮಾನ ಹತ್ತುತ್ತಾರೆ. ಮ್ಯಾಂಚೆಸ್ಟರ್‌ಗೆ ಹೊರಟಿರುವ ಮಗನಿಗೆ ಅಪ್ಪನೊಬ್ಬ ಬರೆದ ಪತ್ರವೇ ಇವತ್ತಿನ ಎಪಿಸೋಡ್. ಕೇಳಿ.

ಮಗನೇ,

ಚಟ್ನಿಪುಡಿ, ಕುಕ್ಕರ್ ಎಲ್ಲಾ ಅಮ್ಮ ತುಂಬಿಸಿದ್ದಾಳೆ. ಅವಳು ಮಾತಾಡದೆ ಬಿಟ್ಟ ಒಂದು ವಿಷಯ ನಾನು ಹೇಳ್ತೀನಿ. ಕುಡಿತದ ವಿಷಯ.

ಕುಡಿಯಲ್ಲ ಅಂತ ನಿನ್ನ ಕೈಲಿ ಆಣೆ ಹಾಕಿಸಿಕೊಳ್ಳಲ್ಲ. ಆಣೆ ಮುರಿದ ದಿನವೇ ಏನಾದ್ರೂ ತೊಂದರೆಯಾದ್ರೆ, ನೀನು ನನಗೆ ಫೋನ್ ಮಾಡೋಕೂ ಹೆದರುತ್ತೀಯ. ಕುಡಿಯದೇ ಇದ್ರೆ ನನಗೆ ಸಂತೋಷ. ಕುಡಿದ್ರೆ ಲೆಕ್ಕ ಗೊತ್ತಿರಲಿ.

ಅಲ್ಲಿ ಮದ್ಯವನ್ನು 'ಯೂನಿಟ್' ಲೆಕ್ಕದಲ್ಲಿ ಅಳೀತಾರೆ. ಒಂದು ಯೂನಿಟ್ ಅಂದ್ರೆ 10 ಮಿ.ಲೀ. ಶುದ್ಧ ಆಲ್ಕೋಹಾಲ್. ಶೇ 40ರ ವೋಡ್ಕಾ ಆದ್ರೆ 25 ಮಿ.ಲೀ.ಗೇ ಒಂದು ಯೂನಿಟ್ ಆಯ್ತು. ಅಂದ್ರೆ ನಮ್ಮ 30 ಮಿ.ಲೀ. ಪೆಗ್‌ಗಿಂತಲೂ ಕಡಿಮೆ. ಬಿಯರ್‌ನ ಒಂದು ಪೈಂಟ್ 568 ಮಿ.ಲೀ. ಶೇ 5ರ ಬಿಯರ್ ಆದ್ರೆ ಒಂದೇ ಲೋಟಕ್ಕೆ ಸುಮಾರು 2.8 ಯೂನಿಟ್. ನಮ್ಮ ಲಿವರ್ ಇದನ್ನು ಕರಗಿಸೋದು ಗಂಟೆಗೆ ಹೆಚ್ಚುಕಮ್ಮಿ ಒಂದು ಯೂನಿಟ್ ಮಾತ್ರ. ನೀನು ಎಷ್ಟೇ ಅವಸರ ಮಾಡಿದ್ರೂ ಅದು ತನ್ನ ವೇಗದಲ್ಲೇ ಕೆಲಸ ಮಾಡುತ್ತೆ.

ಪಬ್‌ನಲ್ಲಿ ಅಳತೆ ಮಾಡಿ ಕೊಡ್ತಾರೆ. ಲೆಕ್ಕ ತಪ್ಪೋದು ಹೆಚ್ಚಾಗಿ ಯಾರದೋ ರೂಮಿನ ಪಾರ್ಟಿಯಲ್ಲಿ. ಅಲ್ಲಿ ಪ್ಲಾಸ್ಟಿಕ್ ಲೋಟಕ್ಕೆ ಗೆಳೆಯ ಬಾಟಲಿಯಿಂದ ನೇರವಾಗಿ ಸುರೀತಾನೆ, ಮೇಲೆ ಕೋಲಾ ತುಂಬುತ್ತಾನೆ. ಹಾಗೆ ಸುರಿದಾಗ 75 ಮಿ.ಲೀ. ಬೀಳೋದು ಏನೂ ದೊಡ್ಡದಲ್ಲ. ಅದು ಮೂರು ಯೂನಿಟ್. ಒಂಬತ್ತಕ್ಕೆ ಶುರು ಮಾಡಿ ಹತ್ತೂವರೆಗೆ ಅಂಥ ಮೂರು ಲೋಟ ಮುಗಿಸಿದೆ ಅಂದ್ಕೋ. ಒಳಗೆ ಹೋಗಿದ್ದು ಒಂಬತ್ತು ಯೂನಿಟ್, ಲಿವರ್ ಕರಗಿಸಿದ್ದು ಬರೀ ಒಂದೂವರೆ. ಉಳಿದಿದ್ದು ಮುಗಿಯೋ ಹೊತ್ತಿಗೆ ಬೆಳಗಿನ ಆರು ಗಂಟೆ ಆಗುತ್ತೆ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹತ್ತೂವರೆಯಲ್ಲಿ ಮೂರನೇ ಲೋಟದ್ದು ಇನ್ನೂ ಪೂರ್ತಿ ರಕ್ತಕ್ಕೆ ಸೇರಿರಲ್ಲ. 'ನನಗೇನೂ ಏರಿಲ್ಲ' ಅನ್ನೋ ಮಾತು ಬರೋದು ಆವಾಗಲೇ, ನಾಲ್ಕನೇ ಲೋಟ ತುಂಬೋದೂ ಆವಾಗಲೇ.

ಅದಕ್ಕೇ ಊಟ ಮಾಡಿಕೊಂಡು ಹೋಗು. ಊಟ ಮದ್ಯವನ್ನು ಇಲ್ಲವಾಗಿಸಲ್ಲ, ಏರೋ ವೇಗ ತಗ್ಗಿಸುತ್ತೆ ಅಷ್ಟೇ. ನಿನ್ನ ಲೋಟಕ್ಕೆ ನೀನೇ ಹಾಕ್ಕೋ. ಅಲ್ಲಿ ಹೋದ ಮೇಲೆ ಒಂದು ದಿನ, ಕೆಮ್ಮಿನ ಸಿರಪ್ ಜೊತೆ ಬರೋ ಗೆರೆ ಇರುವ ಪುಟ್ಟ ಕಪ್‌ನಲ್ಲಿ 25 ಮಿ.ಲೀ. ನೀರು ಅಳೆದು ಲೋಟಕ್ಕೆ ಹಾಕಿ ನೋಡು. ತಳ ಮುಚ್ಚುವಷ್ಟು ಮಾತ್ರ ಇರುತ್ತೆ. ಆ ಗುರುತು ಕಣ್ಣಲ್ಲಿ ಕೂತರೆ ಸಾಕು.

ಪಬ್‌ನಲ್ಲಿ ಒಬ್ಬೊಬ್ಬರು ಒಂದೊಂದು 'ರೌಂಡ್' ಎಲ್ಲರಿಗೂ ಕೊಡಿಸೋ ರೂಢಿ ಇದೆ. ಆಗ ಎಲ್ಲರೂ ಬೇಗ ಕುಡಿಯೋನ ವೇಗಕ್ಕೇ ಓಡಬೇಕಾಗುತ್ತೆ. 'ನಾನು ಈ ರೌಂಡಲ್ಲಿ ಇಲ್ಲ' ಅಂತ ಮೊದಲೇ ಹೇಳಿ, ಲೈಮ್ ಸೋಡಾ ತಗೋ. ಯಾರೂ ಕಾರಣ ಕೇಳಲ್ಲ. ಕೇಳಿದ್ರೂ ಹೇಳಬೇಕಾಗಿಲ್ಲ.

ಇನ್ನು ಕೊನೇ ಮಾತು, ನಿನಗಲ್ಲ, ನಿನ್ನ ಜೊತೆಯವನಿಗೆ. ಯಾರಾದ್ರೂ ಕುಡಿದು ಬಿದ್ದರೆ 'ಮಲಗಲಿ ಬಿಡು, ಸರಿಹೋಗ್ತಾನೆ' ಅಂತಾರೆ. ಅದನ್ನು ನಂಬಬೇಡ. ಹೊಟ್ಟೆಯಲ್ಲಿ ಉಳಿದಿದ್ದು ಅವನು ಮಲಗಿದ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತೆ. ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಇಳಿಸಲ್ಲ. ಭುಜ ಅಲುಗಿಸಿ ಜೋರಾಗಿ ಕರೆದು ನೋಡು. ಎಚ್ಚರ ಆಗ್ತಿಲ್ಲ, ಉಸಿರು ನಿಧಾನ ಆಗಿದೆ ಅಥವಾ ಮಧ್ಯೆ ನಿಂತು ನಿಂತು ಬರ್ತಿದೆ, ಮೈ ತಣ್ಣಗಾಗಿದೆ, ತುಟಿ ನೀಲಿಯಾಗಿದೆ ಅಂದ್ರೆ ತಕ್ಷಣ 999ಕ್ಕೆ ಫೋನ್ ಮಾಡು. ಇವೆಲ್ಲ ಒಟ್ಟಿಗೆ ಕಾಣಲಿ ಅಂತ ಕಾಯಬೇಡ, ಒಂದು ಕಂಡರೂ ಸಾಕು. ಆಂಬ್ಯುಲೆನ್ಸ್‌ಗೆ ಅಲ್ಲಿ ದುಡ್ಡು ಕೊಡಬೇಕಾಗಿಲ್ಲ.

ಉಸಿರಾಡ್ತಿದ್ದರೆ, ಆಂಬ್ಯುಲೆನ್ಸ್ ಬರೋವರೆಗೆ ಅವನನ್ನು ಒಂದು ಪಕ್ಕಕ್ಕೆ ತಿರುಗಿಸಿ ಮಲಗಿಸು. ಮೇಲಿನ ಮೊಣಕಾಲು ಮಡಚಿ ಮುಂದಕ್ಕಿಡು, ಆಗ ಹೊರಳಿ ಬೀಳಲ್ಲ. ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಾಯಿ ನೆಲದ ಕಡೆ ಇರೋ ಹಾಗೆ ನೋಡ್ಕೋ. ಅಂಗಾತ ಮಲಗಿದವನಿಗೆ ವಾಂತಿಯಾದ್ರೆ ಅದು ಉಸಿರಿನ ನಾಳಕ್ಕೇ ಇಳಿಯಬಹುದು. ವಾಂತಿ ಮಾಡಿಸೋಕೆ ಹೋಗಬೇಡ, ಒಬ್ಬನನ್ನೇ ಬಿಟ್ಟೂ ಹೋಗಬೇಡ. ಉಸಿರು ನಿಂತರೆ ಫೋನಿನಲ್ಲಿರುವವರು ಏನು ಮಾಡಬೇಕು ಅಂತ ಹೇಳಿಕೊಡ್ತಾರೆ, ಲೈನ್ ಕಟ್ ಮಾಡಬೇಡ.

ಸೆಪ್ಟೆಂಬರ್‌ನಲ್ಲಿ ಅಲ್ಲಿ ರಾತ್ರಿ ಎರಡು ಗಂಟೆ ಅಂದ್ರೆ ಇಲ್ಲಿ ಬೆಳಗ್ಗೆ ಆರೂವರೆ. ನಾನು ಎದ್ದಿರ್ತೀನಿ. ಮೊದಲು 999, ಆಮೇಲೆ ನನಗೆ. ಯಾಕೆ ಕುಡಿದೆ ಅಂತ ಆ ಹೊತ್ತಲ್ಲಿ ಕೇಳಲ್ಲ.

ಇತಿ,
ನಿನ್ನ ಅಪ್ಪ